ಟ್ರಂಕಿನ ತಳದಲ್ಲಿ ಸಿಕ್ಕ ಉರ್ದು ಕಾರ್ಡು: ಮಾಸಿದ ಹಳೆಯ ಅಂಚೆ ಕಾರ್ಡನ್ನು ಓದಿ ಕನ್ನಡಕ್ಕೆ ತರುವ ಬಗೆ

ಕಲಬುರಗಿ ಹತ್ತಿರದ ನಮ್ಮ ಹಳ್ಳಿ ಮನೆಯ ಅಟ್ಟದಿಂದ ಅಪ್ಪನ ತಗಡಿನ ಟ್ರಂಕು ಇಳಿಸಿದ್ದು ಅಣ್ಣನ ಮಗಳು. ಅಪ್ಪ ತೀರಿಹೋಗಿ ವರ್ಷಗಳಾಗಿದ್ದವು. ರಸೀದಿಗಳು, ಹೊಲದ ಕಾಗದಗಳು, ಒಂದು ಹಳೆ ಧೋತರ, ಅದರ ಮಡಿಕೆಯಲ್ಲಿ ಒಂದು ಅಂಚೆ ಕಾರ್ಡು. ಶಾಯಿ ಚಹಾದ ಕಲೆಯಷ್ಟು ತೆಳುವಾಗಿತ್ತು. ನಡುವೆ ನೀರು ಬಿದ್ದು ಒಣಗಿದ ಗುರುತು, ಕೆಳಗಿನ ಒಂದು ಮೂಲೆಯನ್ನು ತುಕ್ಕು ತಿಂದಿತ್ತು. "ಅತ್ತಿ, ಇದು ಮುತ್ಯಾನ ಅಕ್ಷರ ಏನು? ಇದ್ರಾಗ ಏನ್ ಬರದದ?" ಅಂತ ಕೇಳಿದಳು. ಅಪ್ಪನ ಮಕ್ಕಳಾದ ನಮ್ಮಲ್ಲಿ ಒಬ್ಬರಿಗೂ ಓದಲು ಬರಲಿಲ್ಲ.

ಬೀದರ್, ಕಲಬುರಗಿ, ರಾಯಚೂರು ಕಡೆಯ ಎಷ್ಟೋ ಮನೆಗಳಲ್ಲಿ ಇಂಥ ಕಾಗದಗಳಿವೆ. ನಿಜಾಮ್ ರಾಜ್ಯದಲ್ಲಿ ಶಾಲೆ, ಕಚೇರಿ, ಕೋರ್ಟು ಎಲ್ಲ ಉರ್ದುವಿನಲ್ಲಿ ನಡೆಯುತ್ತಿದ್ದವು. 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಕಲಿಸಿದ್ದೂ ಉರ್ದುವಿನಲ್ಲೇ. ಮನೆಯಲ್ಲಿ ಕನ್ನಡ ಮಾತಾಡಿ, ಬರೆಯುವಾಗ ಉರ್ದು ಹಿಡಿದ ತಲೆಮಾರು ಅದು. ಅಣ್ಣನ ಮಗಳು ಆ ಒಂದು ಕಾರ್ಡನ್ನು ಬಿಡಿಸಲು ಸುಮಾರು ಎರಡು ತಿಂಗಳು ಕೂತಳು. ಅವಳ ಜೊತೆ ಕೂತು ನಾನು ಕಂಡದ್ದನ್ನು, ಅವಳ ತಪ್ಪುಗಳನ್ನೂ ಸೇರಿಸಿ, ಅದೇ ಕ್ರಮದಲ್ಲಿ ಬರೆಯುತ್ತಿದ್ದೇನೆ.

ಮೊದಲು ಮಾಡಬಾರದ್ದು

ಮಾಸಿದ ಶಾಯಿ ಎದ್ದು ಕಾಣಲೆಂದು ಕೆಲವರು ಚಹಾದ ನೀರು, ನಿಂಬೆರಸ, ಎಣ್ಣೆ ಸವರುತ್ತಾರೆ. ಒಂದು ಕ್ಷಣ ಅಕ್ಷರ ಗಾಢವಾಗಿ ಕಂಡರೂ ಆಮೇಲೆ ಕಾಗದವೇ ಕಂದಾಗಿ ಎಲ್ಲವೂ ಒಂದೇ ಬಣ್ಣಕ್ಕೆ ತಿರುಗುತ್ತದೆ. ಲ್ಯಾಮಿನೇಷನ್ ಬೇಡ, ಸೆಲ್ಲೋ ಟೇಪ್ ಬೇಡ, ಇಸ್ತ್ರಿ ಅಂತೂ ಬೇಡವೇ ಬೇಡ. ಬರಹ ನೇರಳೆ ಬಣ್ಣದ್ದಾಗಿದ್ದರೆ ಒದ್ದೆ ಬೆರಳನ್ನೂ ತಾಗಿಸಬೇಡಿ. ಆ ಕಾಲದ ಅಳಿಸಲಾಗದ ಪೆನ್ಸಿಲಿನಲ್ಲಿ ನೀರಿಗೆ ಕರಗುವ ನೇರಳೆ ಬಣ್ಣ ಇರುತ್ತಿತ್ತು, ಒಂದು ಹನಿ ಬಿದ್ದರೂ ಅಕ್ಷರ ಹರಡಿಹೋಗುತ್ತದೆ.

ಧೂಳನ್ನು ಮೆತ್ತಗಿನ ಒಣ ಬ್ರಷ್ಷಿನಿಂದ ಮಧ್ಯದಿಂದ ಅಂಚಿನ ಕಡೆಗೆ ಸರಿಸಿದರೆ ಸಾಕು. ಆದರೆ ಎಲ್ಲಕ್ಕೂ ಮೊದಲು, ಟ್ರಂಕಿನಲ್ಲಿ ಕಾರ್ಡು ಯಾವುದರ ಜೊತೆ ಇತ್ತು ಅಂತ ಬರೆದಿಟ್ಟುಕೊಳ್ಳಿ. ನಮ್ಮ ಹುಡುಗಿ ಇದನ್ನು ತಾನಾಗಿಯೇ ಮಾಡಿದ್ದಳು, ಮುಂದೆ ಅದು ಉಪಯೋಗಕ್ಕೆ ಬಂತು.

ಕಣ್ಣಿಗೆ ಕಾಣದ್ದನ್ನು ಬೆಳಕಿನಿಂದ ತೆಗೆಯುವುದು

ಓದುವ ಕೆಲಸವನ್ನು ಕಾರ್ಡಿನ ಮೇಲೆ ಮಾಡಬೇಡಿ, ಚಿತ್ರದ ಮೇಲೆ ಮಾಡಿ. ಸ್ಕ್ಯಾನರ್ ಇದ್ದರೆ ಬಣ್ಣದಲ್ಲೇ 600 ಡಿಪಿಐಗೆ ಇಟ್ಟು ಎರಡೂ ಬದಿ ಸ್ಕ್ಯಾನ್ ಮಾಡಿ. ಕಪ್ಪು-ಬಿಳುಪಿಗೆ ಇಟ್ಟರೆ ತೆಳು ಗೆರೆಗಳು ಅಲ್ಲಿಯೇ ಕಳೆದುಹೋಗುತ್ತವೆ. ಫೋನಾದರೆ ಫ್ಲಾಶ್ ಆರಿಸಿ, ಕಿಟಕಿಯ ಪಕ್ಕ ನೇರ ಬಿಸಿಲು ಬೀಳದ ಕಡೆ, ಮೇಲಿನಿಂದ ನೇರವಾಗಿ ತೆಗೆಯಿರಿ. ಇನ್ನೊಂದು ಚಿತ್ರವನ್ನು ಕೋಣೆ ಕತ್ತಲು ಮಾಡಿ, ಟಾರ್ಚನ್ನು ಕಾರ್ಡಿನ ಮಟ್ಟಕ್ಕೇ ಪಕ್ಕದಿಂದ ಹಿಡಿದು ತೆಗೆಯಿರಿ. ನಿಬ್ಬು ಒತ್ತಿದ ಕಡೆ ಕಾಗದದಲ್ಲಿ ಉಳಿದ ಗೀರು ನೆರಳಾಗಿ ಕಾಣುತ್ತದೆ.

ಆ ಕಾಲದ ಬರವಣಿಗೆಯ ಶಾಯಿಯಲ್ಲಿ ಕಬ್ಬಿಣದ ಅಂಶ ಇರುವುದು ಸಾಮಾನ್ಯ. ಕಪ್ಪಾಗಿದ್ದ ಅಕ್ಷರ ವರ್ಷ ಕಳೆದಂತೆ ಕಂದಾಗುವುದು ಅದರಿಂದ. ಹಳದಿ ಕಾಗದದ ಮೇಲಿನ ಕಂದು ಶಾಯಿ ಚಿತ್ರದ ನೀಲಿ ಪದರದಲ್ಲಿ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ. ಗಿಂಪ್ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಚಿತ್ರ ತೆರೆದು ಹೀಗೆ ಹೋಗಿ:

```
Colors > Components > Decompose > RGB
Colors > Levels
```

ಮೊದಲನೆಯದು ಚಿತ್ರವನ್ನು ಮೂರು ಪದರ ಮಾಡಿ ಕೊಡುತ್ತದೆ. ನೀಲಿಯದನ್ನು ಮಾತ್ರ ಉಳಿಸಿಕೊಂಡು, ಎರಡನೆಯದರಲ್ಲಿ ಕಪ್ಪು ಮತ್ತು ಬಿಳುಪಿನ ತುದಿಗಳನ್ನು ಮೆಲ್ಲಗೆ ಒಳಗೆ ಎಳೆಯಿರಿ. ಶಾಯಿ ನೇರಳೆಯಾಗಿದ್ದರೆ ಹಸಿರು ಪದರ ನೋಡಿ. ತುಕ್ಕು ಮತ್ತು ನೀರಿನ ಕಲೆ ಕೂಡ ನೀಲಿ ಪದರದಲ್ಲಿ ಕಪ್ಪಾಗುತ್ತವೆ, ಹಾಗಾಗಿ ಕಲೆ ಇರುವ ಕಡೆ ಈ ಉಪಾಯ ನಡೆಯುವುದಿಲ್ಲ. ಕಾರ್ಡಿನ ನಡುವಿನ ಒಂದು ಪದ ನಮಗೆ ಸಿಗದೆ ಹೋದದ್ದು ಹೀಗೇ.

ಅದಕ್ಕೆ ನೆರವಾದದ್ದು ಅತಿನೇರಳೆ ಟಾರ್ಚು. ಕಬ್ಬಿಣದ ಶಾಯಿ ಆ ಬೆಳಕನ್ನು ಹೀರಿಕೊಂಡು ಕಪ್ಪಾಗುತ್ತದೆ, ಸುತ್ತಲಿನ ಕಾಗದ ಮಂದವಾಗಿ ಹೊಳೆಯುತ್ತದೆ. ಕೊಳ್ಳುವಾಗ 365 ನ್ಯಾನೊಮೀಟರ್ ಅಂತ ಬರೆದದ್ದು ನೋಡಿ. 395ರದ್ದಾದರೆ ಕಾರ್ಡಿನ ಮೇಲೆಲ್ಲ ನೇರಳೆ ಬೆಳಕೇ ತುಂಬಿ ಅಕ್ಷರ ಮುಚ್ಚಿಹೋಗುತ್ತದೆ. ಕೋಣೆ ಪೂರ್ತಿ ಕತ್ತಲಿರಲಿ, ಟಾರ್ಚನ್ನು ನೇರ ನೋಡಬೇಡಿ, ಚಿತ್ರ ತೆಗೆಯುವಷ್ಟು ಹೊತ್ತು ಮಾತ್ರ ಹಚ್ಚಿ, ಯಾಕೆಂದರೆ ಈ ಬೆಳಕಿಗೆ ಕಾಗದ ಕೆಡುತ್ತದೆ. ನೀರು ಬಿದ್ದ ಜಾಗದಲ್ಲಿ ಬರಿಗಣ್ಣಿಗೆ ಏನೂ ಇರಲಿಲ್ಲ. ಟಾರ್ಚಿನಡಿ ನಾಲ್ಕೈದು ಅಕ್ಷರದ ಒಂದು ಪದ ಬಂತು. ಓದಲು ಬರದಿದ್ದರೂ ಅದನ್ನು ಅವಳು ಟ್ರೇಸಿಂಗ್ ಹಾಳೆಯ ಮೇಲೆ ಇದ್ದ ಹಾಗೇ ಬರೆದುಕೊಂಡಳು.

ತಾರೀಖಿನಿಂದ ಶುರುಮಾಡಿ

ಹೊಸಬರು ಮೊದಲ ಸಾಲಿಗೇ ಕೈಹಾಕುತ್ತಾರೆ. ತಾರೀಖಿನಿಂದ ಶುರುಮಾಡುವುದು ಒಳ್ಳೆಯದು. ಅಂಕಿ ಕಲಿಯಲು ಒಂದು ಗಂಟೆ ಸಾಕು, ಅದೂ ಅಲ್ಲದೆ ಉರ್ದು ಬಲದಿಂದ ಎಡಕ್ಕೆ ಹೋದರೂ ಅಂಕಿಗಳು ನಮ್ಮ ಹಾಗೆ ಎಡದಿಂದ ಬಲಕ್ಕೇ ಇರುತ್ತವೆ. ಸೊನ್ನೆಯ ಮೇಲೆ ಮಾತ್ರ ಕಣ್ಣಿರಲಿ. ಅದು ಬರೀ ಒಂದು ಚುಕ್ಕೆ. ಮಾಸಿದರೆ 10 ಒಂದಾಗುತ್ತದೆ, ನೊಣದ ಕಲೆ ಇದ್ದರೆ 1 ಹತ್ತಾಗುತ್ತದೆ.

ನಮ್ಮ ಕಾರ್ಡಿನ ಮೇಲ್ತುದಿಯಲ್ಲಿ 22, ಒಂದು ಪದ, 1357, ಅದರ ಕೊನೆಗೊಂದು ಸಣ್ಣ ಅಕ್ಷರ ಇತ್ತು. ಅವಳು ಆ ಕೊನೆಯ ಅಕ್ಷರವನ್ನು ಹಿಜರಿಯ ಗುರುತು ಅಂದುಕೊಂಡು ಇಂಟರ್ನೆಟ್ಟಿನಲ್ಲಿ ಲೆಕ್ಕ ಹಾಕಿದಳು. 1938 ಅಂತ ಬಂತು. ಆಗ ಅಪ್ಪನಿಗೆ ಹನ್ನೊಂದು ವರ್ಷ. ಹನ್ನೊಂದು ವರ್ಷದ ಹುಡುಗ ಹೈದರಾಬಾದಿನಿಂದ ಊರಿಗೆ ಕಾರ್ಡು ಯಾಕೆ ಬರೆಯುತ್ತಾನೆ?

ನಿಜಾಮ್ ರಾಜ್ಯದ ಕಾಗದಗಳಲ್ಲಿ ಮೂರು ಬಗೆಯ ಇಸವಿ ಬರುತ್ತದೆ. ಕ್ರಿಸ್ತಶಕಕ್ಕೆ ಹಮ್ಜಾ, ಹಿಜರಿಗೆ ಎರಡು ಕಣ್ಣಿನ ಹೇ, ಫಸಲಿಗೆ ಫೇ ಅಕ್ಷರದ ಗುರುತು. ಕಚೇರಿಯ ಇಸವಿ ಫಸಲಿ. ಅದರ ವರ್ಷ ಅಕ್ಟೋಬರ್ ಮೊದಲ ವಾರದಲ್ಲಿ ಆಜುರ್ ತಿಂಗಳಿಂದ ಶುರುವಾಗುತ್ತದೆ. ಆಮೇಲೆ ದೈ, ಬಹಮನ್, ಇಸ್ಫಂದಾರ್, ಫರ್ವರ್ದಿ, ಅರ್ದಿಬಿಹಿಶ್ತ್, ಖುರ್ದಾದ್, ತೀರ್, ಅಮರ್ದಾದ್, ಶಹರೇವರ್, ಮೆಹರ್, ಆಬಾನ್. ಅಕ್ಟೋಬರಿನಿಂದ ಡಿಸೆಂಬರ್ ಕೊನೆಯವರೆಗಿನ ತಾರೀಖಿಗೆ 590 ಕೂಡಿಸಿ, ಜನವರಿಯಿಂದ ಮುಂದಿನದಕ್ಕೆ 591. ನಮ್ಮ ಕಾರ್ಡಿನ ತಿಂಗಳು ಬಹಮನ್, ಕೊನೆಯ ಅಕ್ಷರ ಫೇ. ಅಂದರೆ 1947ರ ಡಿಸೆಂಬರ್ ಕೊನೆ. ಅಪ್ಪನಿಗೆ ಇಪ್ಪತ್ತು, ಹೈದರಾಬಾದಿನ ಒಂದು ಕಚೇರಿಯಲ್ಲಿ ಗುಮಾಸ್ತ.

ಇಂಥ ಲೆಕ್ಕವನ್ನು ಕಾರ್ಡಿನ ಇನ್ನೊಂದು ಬದಿಗೆ ತಾಳೆ ಹಾಕಿ ನೋಡಿ. ನಿಜಾಮ್ ಸರ್ಕಾರಕ್ಕೆ ತನ್ನದೇ ಅಂಚೆ ಇತ್ತು, ಅದು ಭಾರತದ ಅಂಚೆಯೊಳಗೆ ಸೇರಿದ್ದು 1950ರಲ್ಲಿ. ವಿಳಾಸದ ಬದಿಯಲ್ಲಿ ನಿಜಾಮ್ ಅಂಚೆಯ ಮುದ್ರೆ ಇದ್ದರೆ ಕಾರ್ಡು ಅದಕ್ಕಿಂತ ಈಚಿನದಲ್ಲ.

ಚುಕ್ಕೆಗಳನ್ನು ನಂಬಬೇಡಿ

ಉರ್ದು ಅಕ್ಷರಮಾಲೆಯನ್ನು ಪುಸ್ತಕ ನೋಡಿ ಕಲಿಯಲು ಅವಳಿಗೆ ಮೂರು ವಾರ ಬೇಕಾಯಿತು. ಆಮೇಲೆ ಕಾರ್ಡು ಹಿಡಿದರೆ ಒಂದು ಪದವೂ ಹತ್ತಲಿಲ್ಲ. ಕಾರಣ, ಕೈಬರಹದಲ್ಲಿ ಅವಸರಕ್ಕೆ ಚುಕ್ಕೆ ಬಿಡುತ್ತಾರೆ. ಎರಡು ಚುಕ್ಕೆ ಒಂದು ಸಣ್ಣ ಗೆರೆಯಾಗುತ್ತದೆ, ಮೂರು ಚುಕ್ಕೆ ಕೊಕ್ಕೆಯಾಗುತ್ತದೆ, ಮಾಸಿದ ಕಾರ್ಡಿನಲ್ಲಿ ಮೊದಲು ಹೋಗುವುದೂ ಅವೇ. ಉರ್ದುವಿನ ಬೇ, ಪೇ, ತೇ, ಟೇ ಎಲ್ಲಕ್ಕೂ ಒಂದೇ ಮೈಕಟ್ಟು, ಚುಕ್ಕೆ ಮತ್ತು ತಲೆಗುರುತು ಮಾತ್ರ ಬೇರೆ. ಪದದ ಮೊದಲಲ್ಲಿ ನೂನ್ ಕೂಡ ಅದೇ ಹಲ್ಲಿನಂಥ ಏಣಾಗುತ್ತದೆ. ಒಂದು ಹಲ್ಲು, ಒಂದು ಅಲಿಫ್, ಕೊನೆಗೊಂದು ಬಟ್ಟಲು: ಈ ಒಂದೇ ಆಕಾರವನ್ನು ಬಾಪ್ (ಅಪ್ಪ), ಬಾತ್ (ಮಾತು), ಪಾಪ್ (ಪಾಪ), ನಾಪ್ (ಅಳತೆ), ತಾಪ್ (ಕಾವು), ಟಾಟ್ (ಗೋಣಿ) ಅಂತ ಓದಬಹುದು.

ಅದಕ್ಕೆ ಓದುವ ಮೊದಲು ಆಕಾರವನ್ನು ಮಾತ್ರ ನಕಲು ಮಾಡಿ. ಸಾಲಿಗೊಂದು ಸಂಖ್ಯೆ ಕೊಟ್ಟು, ಖಚಿತವಾಗಿ ಕಾಣುವ ಚುಕ್ಕೆಯನ್ನು ಮಾತ್ರ ಹಾಕಿ. ಪ್ರತಿ ಪದದ ಕೆಳಗೆ ಹೊಂದಬಹುದಾದ ಎಲ್ಲ ಓದುಗಳನ್ನೂ ಕನ್ನಡ ಲಿಪಿಯಲ್ಲಿ ಬರೆಯಿರಿ. ಹಳಬರ ಕೈಬರಹದಲ್ಲಿ ಇನ್ನೂ ಮೂರು ರೂಢಿ ಇವೆ: ಎರಡು ಪದ ಕೂಡಿಸಿ ಬರೆಯುವುದು, ಗಾಫಿನ ಎರಡು ಗೆರೆಯಲ್ಲಿ ಒಂದನ್ನು ಬಿಟ್ಟು ಅದನ್ನು ಕಾಫಿನ ಹಾಗೆ ಮಾಡುವುದು, ಪದದ ಕೊನೆಯ ಸಣ್ಣ ಯೇ ಮತ್ತು ದೊಡ್ಡ ಯೇಗೆ ಭೇದ ಮಾಡದಿರುವುದು. ಈ ಮೂರನೆಯದರಿಂದ 'ಈ' ಮತ್ತು 'ಏ' ಅದಲುಬದಲಾಗುತ್ತವೆ. ಸಾಲಿನ ಕೊನೆಯಲ್ಲಿ ಜಾಗ ಸಾಲದಿದ್ದರೆ ಪದಗಳು ಒಂದರ ಮೇಲೊಂದು ಏರುತ್ತವೆ, ಆಮೇಲೆ ಅಂಚಿನಲ್ಲಿ ಅಡ್ಡ ತಿರುಗುತ್ತವೆ. ಅಂಚಿನದನ್ನು ಕೊನೆಗೆ ಓದಿ.

ಗೊತ್ತಿರುವ ಪದಗಳ ಮೇಲೆ ಕಾಲಿಟ್ಟು ದಾಟುವುದು

ಇಲ್ಲಿ ಕನ್ನಡದವರಿಗೆ ಒಂದು ಅನುಕೂಲ ಇದೆ. ಕಾಗದ, ರಸೀದಿ, ಹಾಜರಿ, ಬಾಕಿ, ವಸೂಲಿ, ರವಾನೆ, ತಕರಾರು, ಜಮೀನು ನಮಗೆ ಮೊದಲೇ ಗೊತ್ತು. ಅಂಥ ಪದಗಳನ್ನು ಹುಡುಕಿ ಗುರುತು ಹಾಕಿಕೊಳ್ಳಿ. ಅವಳಿಗೆ ಮೊದಲು ಹತ್ತಿದ್ದು 'ರವಾನಾ', ಆಮೇಲೆ ಅದರ ಹಿಂದಿದ್ದ 'ಮನೀ ಆರ್ಡರ್'. ಆ ಎರಡು ಪದಗಳಿಂದ ಅಪ್ಪನ ರೇ, ವಾವ್, ನೂನ್, ಡಾಲ್ ಹೇಗಿರುತ್ತವೆ ಅಂತ ತಿಳಿಯಿತು. ಪ್ರತಿಯೊಬ್ಬರ ಕೈಯೂ ಬೇರೆ. ಖಚಿತವಾದ ಪದಗಳಿಂದ ಅವರ ಅಕ್ಷರಗಳ ಒಂದು ಪಟ್ಟಿ ಮಾಡಿಕೊಂಡು ಮುಂದಿನ ಪದಕ್ಕೆ ಹೋಗಿ.

ಎರಡನೆಯ ಆಸರೆ ಪತ್ರದ ಕಟ್ಟುಮಾತು. 'ಯಹಾಂ ಖೈರಿಯತ್ ಹೈ, ಆಪ್ ಕೀ ಖೈರಿಯತ್ ನೇಕ್ ಮತ್ಲೂಬ್' ಅಂತ ಆ ಕಾಲದ ಉರ್ದು ಪತ್ರಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ನಮ್ಮ 'ಇತ್ತ ನಾವೆಲ್ಲರೂ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ' ಇದ್ದ ಹಾಗೆ. ಅರ್ಧ ಅಳಿಸಿದ್ದರೂ ಗುರುತು ಸಿಗುತ್ತದೆ.

ಪದಕೋಶಕ್ಕೆ ರೇಖ್ತಾದ ಆನ್‌ಲೈನ್ ನಿಘಂಟು ಸಾಕು. 1884ರ ಪ್ಲಾಟ್ಸ್ ನಿಘಂಟು ಕೂಡ ಇಂಟರ್ನೆಟ್ಟಿನಲ್ಲಿದೆ, ಹಳೆಯ ಅರ್ಥಗಳಿಗೆ ಅದೇ ಒಳ್ಳೆಯದು. ಕಾರ್ಡಿನಲ್ಲಿ 'ರುಖ್ಸತ್ ನಹೀಂ ಮಿಲೀ' ಅಂತ ಇತ್ತು. ರುಖ್ಸತ್ ಅಂದರೆ ಬೀಳ್ಕೊಡುಗೆ ಅಂತ ಅವಳು ಬರೆದಿಟ್ಟಿದ್ದಳು. ಕಚೇರಿ ಮಾತಿನಲ್ಲಿ ಅದಕ್ಕೆ ರಜೆ ಅಂತ ಅರ್ಥ. ಗುಮಾಸ್ತನಿಗೆ ರಜೆ ಸಿಕ್ಕಿರಲಿಲ್ಲ.

ಯಾವ ನಿಘಂಟಿನಲ್ಲೂ ಸಿಗದ ಪದ

ಅವಳು ಅತಿ ಹೆಚ್ಚು ದಿನ ಕಳೆದದ್ದು ಎರಡು ಪದಗಳ ಮೇಲೆ.

ಒಂದು ಸಾಲನ್ನು ಅವಳು 'ಅವಾ ಕೋ ಹೌಲ್ ಮೇಂ' ಅಂತ ಓದಿದ್ದಳು. ಮುಂದಿನದು ನೀರಿನ ಕಲೆ. ಹೌಲ್ ಅಂದರೆ ದಿಗಿಲು, ಭಯ. 'ಅವಾ' ಯಾವುದೋ ಹೆಸರಿರಬೇಕು ಅಂದಳು. ಅಣ್ಣ ಅದನ್ನು ಕೇಳಿದ್ದೇ ಎದ್ದು ಕೂತ. 1947ರ ಡಿಸೆಂಬರ್, ನಿಜಾಮ್ ರಾಜ್ಯ ಇನ್ನೂ ಭಾರತಕ್ಕೆ ಸೇರಿರಲಿಲ್ಲ, ಪೊಲೀಸ್ ಕಾರ್ಯಾಚರಣೆ ನಡೆದದ್ದು 1948ರ ಸೆಪ್ಟೆಂಬರಿನಲ್ಲಿ. ರಜಾಕಾರರ ಕಾಲದ್ದೇ ಮಾತು ಅಂತ ಅವನು ಮನೆಮಂದಿಗೆಲ್ಲ ಹೇಳಿಬಿಟ್ಟ. ನಾನೂ ನಂಬಿದೆ. ಇಸವಿ ಗೊತ್ತಿದ್ದರೆ ಆ ಕಾಲದ ಕತೆಗೆ ಹೊಂದುವ ಅರ್ಥವೇ ಕಣ್ಣಿಗೆ ಬೀಳುತ್ತದೆ. ಓದುವವರು ಹೆಚ್ಚು ಎಚ್ಚರ ಇರಬೇಕಾದದ್ದು ಇಲ್ಲೇ.

ಇನ್ನೊಂದು ಸಾಲು 'ಅಮಾ ಸೇ ಕೋ ನಹೀಂ ಆ ಸಕ್ತಾ'. ಅಮ್ಮನಿಂದ... ಬರಲಾರೆ? ಅವಳು ಅದನ್ನು ಕಲಬುರಗಿಯಲ್ಲಿ ನಿವೃತ್ತರಾದ ಒಬ್ಬ ಉರ್ದು ಮಾಸ್ತರರ ಹತ್ತಿರ ಒಯ್ದಳು. ಅವರು ಕನ್ನಡಕ ಏರಿಸಿ ನೋಡಿ, "ಬೇಟಾ, 'ಸೇ' ಆದಮ್ಯಾಗ 'ಕೋ' ಹ್ಯಾಂಗ ಬರ್ತದ? ಕನ್ನಡದಾಗ 'ಅಮ್ಮನಿಂದಕ್ಕೆ' ಅಂತೀಯೇನು?" ಅಂತ ಕೇಳಿದರು. ಎರಡು ವಿಭಕ್ತಿ ಹೀಗೆ ಬೆನ್ನಿಗೆ ಬೆನ್ನು ಬರುವುದಿಲ್ಲ, ಅಂದರೆ 'ಸೇ' ಅನ್ನುವುದು ವಿಭಕ್ತಿ ಅಲ್ಲ, ಮೊದಲ ಪದದ ಬಾಲ. ಕೊನೆಯ ಯೇ ದೊಡ್ಡದಲ್ಲ, ಸಣ್ಣದು. ಕೂಡಿಸಿ ಓದಿದರೆ 'ಅಮಾಸೀ'.

"ಸರ್, ಅಮಾಸಿ ಅಂದ್ರ ಏನು ಉರ್ದುದಾಗ?" ಅಂದಳಂತೆ. ಅವರು ನಕ್ಕು, "ಉರ್ದುದಾಗ ಏನೂ ಇಲ್ಲ. ನಿಮ್ಮ ಮನ್ಯಾಗ ಏನಂತಾರ ಕೇಳು," ಅಂದರು.

ಎಳ್ಳಮಾಸಿ! ನಮ್ಮ ಕಡೆ ಹೊಲದಲ್ಲಿ ಮಾಡುವ ಎಳ್ಳ ಅಮಾವಾಸ್ಯೆಯ ಹಬ್ಬ. ಆ ವರ್ಷದ ಎಳ್ಳಮಾಸಿ ಬಿದ್ದದ್ದು 1948ರ ಜನವರಿ 11ರ ಹೊತ್ತಿಗೆ, ಕಾರ್ಡು ಬರೆದ ಎರಡು ವಾರಕ್ಕೆ. ಅಪ್ಪ ಲಿಪಿಯನ್ನಷ್ಟೇ ಬದಲಿಸಿದ್ದರು, ಮನೆಯ ಪದಕ್ಕೆ ಬದಲು ಪದ ಹುಡುಕಿರಲಿಲ್ಲ. ಆ ಒಂದು ಪದ ಸಿಕ್ಕಮೇಲೆ ಮತ್ತೊಂದು ಸಾಲು ತಾನೇ ಬಿಚ್ಚಿಕೊಂಡಿತು. 'ಅವಾ' ಅಲ್ಲ, ಅವ್ವಾ. ಉರ್ದುವಿನಲ್ಲಿ ಒತ್ತಕ್ಷರದ ಗುರುತನ್ನು ಬರೆಯದೆ ಬಿಡುವುದೇ ಹೆಚ್ಚು. ಹೇ, ವಾವ್, ಲಾಮ್ ಕೂಡಿದರೆ 'ಹೌಲ್' ಆಗಬಹುದು, 'ಹೂಲ್' ಆಗಬಹುದು, 'ಹೋಲ್' ಕೂಡ ಆಗಬಹುದು, ಯಾಕೆಂದರೆ ವಾವ್ ಒಂದೇ ಅಕ್ಷರ ಊ, ಓ, ಔ ಮೂರಕ್ಕೂ ನಿಲ್ಲುತ್ತದೆ. ಹ್ರಸ್ವ 'ಒ' ಬರೆಯಲು ಬೇರೆ ದಾರಿ ಇಲ್ಲ. ಹೊಲ.

ಹಾಗಾಗಿ ನಮ್ಮ ಕಡೆಯ ಹಿರಿಯರ ಉರ್ದು ಓದುವಾಗ ಪದ ನಿಘಂಟಿನಲ್ಲಿ ಸಿಗದಿದ್ದರೆ, ಅಥವಾ ಸಿಕ್ಕರೂ ವಾಕ್ಯ ಕೂಡದಿದ್ದರೆ, ಅದನ್ನು ಗಟ್ಟಿಯಾಗಿ ಕನ್ನಡವೆಂದುಕೊಂಡು ಓದಿ ನೋಡಿ. ಉರ್ದುವಿನಲ್ಲಿ ಳ ಇಲ್ಲ, ಲಾಮ್ ಬರುತ್ತದೆ, ಆದ್ದರಿಂದ ಜೋಳ 'ಜೋಲ' ಆಗಿರುತ್ತದೆ. ಹ್ರಸ್ವ ಎ, ಒ ಎರಡೂ ದೀರ್ಘದ ಹಾಗೆ ಕಾಣುತ್ತವೆ. ಊಟ, ಹಬ್ಬ, ಹೊಲ, ನೆಂಟಸ್ತಿಕೆಯ ಪದಗಳಲ್ಲೇ ಇದು ಹೆಚ್ಚು.

ಟ್ರೇಸಿಂಗ್ ಹಾಳೆಯಲ್ಲಿ ಬರೆದುಕೊಂಡಿದ್ದ ಪದವನ್ನು ಆಗ ಅವಳು ಮಾಸ್ತರರ ಮುಂದಿಟ್ಟಳು. ಅಲಿಫ್, ಕಾಫ್, ಯೇ, ಲಾಮ್, ಯೇ. 'ಅಕೇಲೀ'. ಅದರಾಚೆ 'ನ ಭೇಜಿಯೇ'. ಅವ್ವನನ್ನು ಹೊಲಕ್ಕೆ ಒಬ್ಬಳನ್ನೇ ಕಳಿಸಬೇಡಿ.

ಅಣ್ಣ ಹೇಳಿದ ಭಯ ಕಾರ್ಡಿನಲ್ಲಿ ಇಲ್ಲ ಅಂತಲ್ಲ. ಅದು 'ಹೌಲ್' ಅನ್ನುವ ಪದದಲ್ಲಿ ಇರಲಿಲ್ಲ, 'ಒಬ್ಬಳನ್ನೇ' ಅನ್ನುವುದರಲ್ಲಿ ಇದ್ದೀತು. ಆದರೆ ಅನುವಾದಿಸುವವರು ಅದನ್ನು ಅಲ್ಲಿಗೇ ಬಿಡಬೇಕು. ರಜಾಕಾರರ ಹೆಸರು ಕಾರ್ಡಿನಲ್ಲಿಲ್ಲ, ಅನುವಾದದಲ್ಲೂ ಇರಬಾರದು.

ಕನ್ನಡಕ್ಕೆ ಇಳಿಸುವುದು

ಮೂರು ಪ್ರತಿ ಮಾಡಿ. ಮೊದಲನೆಯದು ಕನ್ನಡ ಲಿಪಿಯಲ್ಲಿ ಉರ್ದು ಇದ್ದ ಹಾಗೇ, ಸಾಲಿಗೆ ಸಾಲು. ಎರಡನೆಯದು ಪದಕ್ಕೆ ಪದ. ಮೂರನೆಯದು ಓದುವ ಕನ್ನಡ. ಮೊದಲ ಪ್ರತಿ ಇದ್ದರೆ ನಾಳೆ ಯಾರಾದರೂ ತಪ್ಪು ಹಿಡಿಯಬಹುದು. ಬರೀ ಮೂರನೆಯದು ಉಳಿದರೆ ನಿಮ್ಮ ತಪ್ಪೇ ಅಜ್ಜನ ಮಾತಾಗಿಬಿಡುತ್ತದೆ.

'ಕಲ್' ಅಂದರೆ ನಿನ್ನೆಯೂ ಹೌದು, ನಾಳೆಯೂ ಹೌದು, ಕ್ರಿಯಾಪದ ನೋಡಿ ತೀರ್ಮಾನಿಸಿ. 'ಖತ್ ಕಲ್ ಮಿಲಾ' ಅಂತ ಇದ್ದದ್ದರಿಂದ ನಿನ್ನೆ. 'ಭೇಜಿಯೇ' ಗೌರವದ ರೂಪ, ಕಾರ್ಡು ಬರೆದದ್ದು ದೊಡ್ಡಪ್ಪನಿಗೆ. ಆದ್ದರಿಂದ 'ಕಳಿಸಬೇಡ' ಅಲ್ಲ, 'ಕಳಿಸಬ್ಯಾಡ್ರಿ'. ಯಾವ ಕನ್ನಡ ಅನ್ನುವುದಕ್ಕೆ ಅವಳು ಸ್ವಲ್ಪ ಯೋಚಿಸಿದಳು. ಪುಸ್ತಕದ ಕನ್ನಡದಲ್ಲಿ ಬರೆದದ್ದನ್ನು ಓದಿ ಕೇಳಿಸಿದಾಗ ಅದು ನಮ್ಮಪ್ಪ ಆಡಿದ ಹಾಗೆ ಇರಲಿಲ್ಲ. ಊರ ಮಾತಿಗೆ ತಿರುಗಿಸಿದಳು, ಅದು ಸರಿ ಅಂತಲೇ ನನಗನಿಸಿತು.

ಕಾರ್ಡಿನಲ್ಲಿ ಹತ್ತು ರೂಪಾಯಿಯ ಮುಂದೆ 'ಹಾಲೀ' ಅಂತ ಇತ್ತು. ಅದನ್ನು ಹಾಗೇ ಉಳಿಸಿ, ಅಡಿಯಲ್ಲಿ ಒಂದು ಸಾಲು ಬರೆಯಿರಿ: ಹಾಲಿ ಅಂದರೆ ನಿಜಾಮರ ನಾಣ್ಯ, ಕಲ್ದಾರ್ ಅಂದರೆ ಬ್ರಿಟಿಷರದು, ಏಳು ಹಾಲಿಗೆ ಆರು ಕಲ್ದಾರ್. ಟ್ರಂಕಿನಲ್ಲಿ ಕಾರ್ಡಿನ ಪಕ್ಕದಲ್ಲೇ ಇದ್ದ ರಸೀದಿಗಳಲ್ಲಿ ಒಂದು ಆ ಮನಿ ಆರ್ಡರಿನದು. ಕಾರ್ಡಿನಲ್ಲಿ ಅಂಕಿಯ ಸೊನ್ನೆ ಮಾಸಿಹೋಗಿ 1 ಅಂತ ಕಾಣುತ್ತಿದ್ದರೂ, ಅಕ್ಷರದಲ್ಲಿದ್ದ 'ದಸ್' ಸರಿ ಅಂತ ಗೊತ್ತಾದದ್ದು ಅದರಿಂದ.

ತುಕ್ಕು ತಿಂದ ಮೂಲೆಯ ಪದ ಸಿಗಲೇ ಇಲ್ಲ. ಅಂಚಿನಲ್ಲಿ ಅಡ್ಡ ಬರೆದ ಸಾಲು ಅದು: 'ಮೇರೇ ಹಿಸ್ಸೇ ಕೀ', ಆಮೇಲೆ ತೂತು, ಆಮೇಲೆ 'ಬಚ್ಚೋಂ ಕೋ ದೀಜಿಯೇ'. 'ಕೀ' ಇರುವುದರಿಂದ ಹೋದ ಪದ ಸ್ತ್ರೀಲಿಂಗದ್ದು ಅನ್ನುವಷ್ಟು ಮಾತ್ರ ಹೇಳಬಹುದು. ಎಳ್ಳಮಾಸಿಯ ಭಜ್ಜಿ ಅಂತ ಅಣ್ಣ, ಸಜ್ಜಿ ರೊಟ್ಟಿ ಅಂತ ನಾನು. ಅವಳು ಎರಡನ್ನೂ ಹಾಕಲಿಲ್ಲ. ಅವಳ ಕೊನೆಯ ಪ್ರತಿ ಹೀಗಿದೆ:

*ಬಲ್ದಾ (ಹೈದರಾಬಾದ್ ಶಹರ), 22 ಬಹಮನ್, 1357 ಫಸಲಿ*

*ಅಣ್ಣಾರಿಗೆ ನಮಸ್ಕಾರ. ಇಲ್ಲಿ ಆರಾಮ್, ನಿಮ್ಮ ಆರಾಮ್ ಬಯಸ್ತೀನಿ. ನಿಮ್ಮ ಕಾಗದ ನಿನ್ನೆ ಮುಟ್ಟಿತು. ರಜಾ ಸಿಗಲಿಲ್ಲ, ಅದಕ್ಕ ಅಮಾಸಿಗಿ ಬರಲಿಕ್ಕ ಆಗಂಗಿಲ್ಲ. ಅವ್ವಗ ಹೊಲಕ್ಕ ಒಬ್ಬಾಕಿನ್ನೇ ಕಳಿಸಬ್ಯಾಡ್ರಿ. ಹತ್ತು ರೂಪಾಯಿ ಹಾಲಿ ಮನಿ ಆರ್ಡರಿನಾಗ ರವಾನಾ ಮಾಡೀನಿ.*

*(ಅಂಚಿನಲ್ಲಿ) ನನ್ನ ಪಾಲಿನ [ಒಂದು ಪದ ಹೋಗಿದೆ] ಹುಡುಗರಿಗಿ ಕೊಡ್ರಿ.*